ಕರೆಂಟಿಲ್ಲದ ದಿನದ ಕೂಲಿಯನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ. ಆರು ಜನ ಕೆಲಸಗಾರರು, ದಿನಕ್ಕೆ ಎಂಟು ಗಂಟೆ, 480 ರೂಪಾಯಿ ಕೂಲಿ. ಕಳೆದ ವಾರ ತಂತಿಯ ಮೇಲೆ ಮರ ಬಿದ್ದು ಇಡೀ ದಿನ ಕರೆಂಟ್ ಇರಲಿಲ್ಲ. ಆ ದಿನದ ಕೂಲಿಯನ್ನೂ, ಬಾಕಿ ಕೆಲಸ ಮುಗಿಸಲು ಕೊಟ್ಟ ಓವರ್‌ಟೈಮನ್ನೂ ತಟ್ಟೆಯ ವೆಚ್ಚಕ್ಕೆ ಸೇರಿಸಬೇಕೆ?

ಉತ್ತರ: ಪೂರ್ತಿ ಸೇರಿಸಬಾರದು. ಅಚ್ಚು ಬಿಸಿಯಾಗುವವರೆಗೆ ಕಾಯುವುದು, ಅಚ್ಚು ಬದಲಿಸುವುದು, ಮಳೆಗಾಲದಲ್ಲಿ ಆಗಾಗ ಹತ್ತು ನಿಮಿಷ ಕರೆಂಟ್ ಹೋಗುವುದು ಇವೆಲ್ಲ ತಪ್ಪಿಸಲಾಗದ, ಸಹಜವಾದ ವ್ಯರ್ಥ ಸಮಯ. ಇದರ ಕೂಲಿ ತಟ್ಟೆಯ ವೆಚ್ಚದಲ್ಲೇ ಇರಲಿ. ಇಡೀ ದಿನ ಕೆಲಸ ನಿಂತದ್ದು ಅಸಹಜ. ಆ ದಿನದ 48 ಗಂಟೆಗೆ, ಗಂಟೆಗೆ 60 ರೂಪಾಯಿಯಂತೆ ಆಗುವ 2,880 ರೂಪಾಯಿಯನ್ನು ನೇರವಾಗಿ ವೆಚ್ಚದ ಲಾಭ-ನಷ್ಟ ಖಾತೆಗೆ ಬರೆಯಿರಿ.

ಉಳಿದ ದಿನಗಳಲ್ಲಿ ಹೆಚ್ಚುವರಿಯಾಗಿ ಒಟ್ಟು 48 ಗಂಟೆ ದುಡಿಸಿ, ಕಾನೂನಿನಂತೆ ಎರಡು ಪಟ್ಟು ದರದಲ್ಲಿ 5,760 ರೂಪಾಯಿ ಕೊಟ್ಟಿದ್ದೀರಿ ಎಂದುಕೊಳ್ಳೋಣ. ಇದರಲ್ಲಿ ಮಾಮೂಲಿ ದರದ 2,880 ತಟ್ಟೆಯ ವೆಚ್ಚ. ಮೇಲಿನ 2,880 ಕೊಡಬೇಕಾಗಿ ಬಂದದ್ದು ಮರ ಬಿದ್ದ ಕಾರಣಕ್ಕೆ. ಆದ್ದರಿಂದ ಅದೂ ಲಾಭ-ನಷ್ಟ ಖಾತೆಗೇ ಹೋಗಬೇಕು. ಮದುವೆಯ ಆರ್ಡರನ್ನು ಬೇಗ ಕೊಡಿ ಎಂದು ಗಿರಾಕಿಯೇ ಅವಸರಪಡಿಸಿದ್ದರೆ ಆ ಹೆಚ್ಚಳವನ್ನು ಅದೇ ಆರ್ಡರಿಗೆ ಹಾಕಬೇಕಿತ್ತು. ವರ್ಷವಿಡೀ ಓವರ್‌ಟೈಮ್ ಇಲ್ಲದೆ ಕೆಲಸ ಸಾಗುವುದೇ ಇಲ್ಲವೆಂದರೆ ಅದನ್ನು ಮೇಲ್ವೆಚ್ಚವಾಗಿ, ಅಂದರೆ ಯಾವ ಒಂದು ಆರ್ಡರಿಗೂ ಸೇರದ ಸಾಮಾನ್ಯ ಖರ್ಚಾಗಿ, ಎಲ್ಲ ತಟ್ಟೆಗಳ ಮೇಲೆ ಹಂಚಬೇಕು.

ಆರು ದಿನದ ಆ ವಾರ 8,640 ತಟ್ಟೆ ಆಗಿದ್ದರೆ, ಈ ಕ್ರಮದಲ್ಲಿ ಕೆಲಸ ನಡೆದ 288 ಗಂಟೆಗೆ 17,280 ರೂಪಾಯಿಯಂತೆ ತಟ್ಟೆಗೆ ಬೀಳುವ ಕೂಲಿ 2 ರೂಪಾಯಿ. ಆರು ದಿನದ ಕೂಲಿ 17,280 ಮತ್ತು ಓವರ್‌ಟೈಮಿನ 5,760 ಸೇರಿ ಕೊಟ್ಟ 23,040 ರೂಪಾಯಿಯನ್ನೂ ಪೂರ್ತಿ ಹೇರಿದರೆ ಅದು ಸುಮಾರು 2 ರೂಪಾಯಿ 67 ಪೈಸೆಯಾಗುತ್ತದೆ, ಆ ಲೆಕ್ಕ ನಂಬಿ ದರ ಏರಿಸಿದರೆ ಗಿರಾಕಿ ಪಕ್ಕದ ಘಟಕಕ್ಕೆ ಹೋಗುತ್ತಾನೆ.

ಇದಕ್ಕೆಲ್ಲ ಆಧಾರ ಹಾಜರಿ ಪುಸ್ತಕವೊಂದೇ ಅಲ್ಲ, ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ದುಡಿದರು ಎಂದು ಬರೆಯುವ ಕೆಲಸದ ಚೀಟಿ. ಹಾಜರಿಯ ಗಂಟೆಯಲ್ಲಿ ಚೀಟಿಯ ಗಂಟೆ ಕಳೆದರೆ ಉಳಿಯುವುದೇ ವ್ಯರ್ಥ ಸಮಯ. ಅದರ ಕಾರಣವನ್ನು ಅಂದೇ ಬರೆಸಿಡಿ. ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದೆಲ್ಲ 'ಕರೆಂಟ್' ಎಂದೇ ಆಗಿಬಿಡುತ್ತದೆ.

ಪ್ರೋತ್ಸಾಹಧನ ಕೊಡುವ ಯೋಚನೆಯಿದ್ದರೂ ಇದೇ ಚೀಟಿ ಬೇಕು. ಗಂಟೆಗೆ 30 ತಟ್ಟೆ ನಿಗದಿಯಾಗಿದ್ದು, ಒಬ್ಬರು 8 ಗಂಟೆಯಲ್ಲಿ 300 ಮಾಡಿದರೆ 2 ಗಂಟೆ ಉಳಿಸಿದಂತೆ. ಉಳಿಸಿದ ಸಮಯದ ಅರ್ಧಕ್ಕೆ ಕೂಲಿ ಕೊಡುವ ಹಾಲ್ಸಿ ಪದ್ಧತಿಯಲ್ಲಿ ದಿನದ 480ಕ್ಕೆ 60 ರೂಪಾಯಿ ಸೇರಿ 540 ಸಿಗುತ್ತದೆ, ತಟ್ಟೆಯ ಕೂಲಿ 1 ರೂಪಾಯಿ 80 ಪೈಸೆಗೆ ಇಳಿಯುತ್ತದೆ. ಕರೆಂಟಿಲ್ಲದ ಎರಡು ಗಂಟೆಯನ್ನು ಅವರ ಕೆಲಸದ ಸಮಯಕ್ಕೆ ಸೇರಿಸಿದರೆ ಈ 60 ರೂಪಾಯಿ ಪೂರ್ತಿ ಹೋಗುತ್ತದೆ. ಹಾಗಾದರೆ ಅಡಿಕೆ ಕೊಯ್ಲು ಶುರುವಾದ ಕೂಡಲೇ ಅವರು ತೋಟದ ಕೆಲಸಕ್ಕೆ ಹೋಗುತ್ತಾರೆ. ಹೊಸಬರು ಕೈ ಕೂಡುವವರೆಗೆ ಹಾಳುಮಾಡುವ ಹಾಳೆಯ ಖರ್ಚು ನಿಮ್ಮ ಮೇಲ್ವೆಚ್ಚಕ್ಕೆ ಸೇರುತ್ತದೆ.