ದುಕ್ಖ ಅಂದ್ರೆ ಬರೀ ನೋವಲ್ಲ

ಪ್ರಶ್ನೆ: ಬುದ್ಧನ ಮೊದಲ ಆರ್ಯಸತ್ಯದ ‘ದುಕ್ಖ’ವನ್ನು ನೋವು, ಸಂಕಟ ಅಂದರೆ ಸಾಲದೇ?

ಸಾಲದು. ನೋವು ಅದರ ಒಂದು ಭಾಗ ಮಾತ್ರ. ಯಾವುದೂ ನಿಲ್ಲುವುದಿಲ್ಲ, ಹಾಗಾಗಿ ಯಾವುದರಲ್ಲೂ ಪೂರ್ತಿ ನೆಮ್ಮದಿ ಸಿಗುವುದಿಲ್ಲ ಎಂಬುದೂ ಆ ಪಾಲಿ ಪದದಲ್ಲಿದೆ.

ಕೊಡಗಿನಲ್ಲಿ ಹೂಮಳೆ ಬಿದ್ದು ಹತ್ತು ದಿನದೊಳಗೆ ಕಾಫಿ ತೋಟ ಬೆಳ್ಳಗಾಗುತ್ತದೆ. ಘಮ ಅಂಗಳದವರೆಗೂ ಬರುತ್ತದೆ. ಆಗ ಯಾರಿಗೂ ನೋವಿಲ್ಲ, ಅಲ್ವಾ? ಕೆಲವೇ ದಿನಕ್ಕೆ ಹೂ ಕಂದಾಗುತ್ತದೆ. ಮನಸ್ಸು ಮಾತ್ರ ‘ಇನ್ನೂ ಇರಬೇಕಿತ್ತು’ ಅನ್ನುತ್ತದೆ. ಇದು ‘ವಿಪರಿಣಾಮ ದುಕ್ಖ’, ಅಂದರೆ ಬದಲಾವಣೆಯಿಂದ ಬರುವ ದುಕ್ಖ. ಹೂ ಅರಳಿರುವಾಗಲೇ ಆ ಖುಷಿಯಲ್ಲಿ ಇದು ಅಡಗಿರುತ್ತದೆ.

ಬುದ್ಧ ಸುಖವೇ ಇಲ್ಲ ಅಂದಿಲ್ಲ. ಮೊದಲ ಉಪದೇಶದಲ್ಲಿ ಮುಪ್ಪು, ಸಾವಿನ ಜೊತೆಗೆ ಬಯಸಿದ್ದು ಸಿಗದಿರುವುದನ್ನೂ, ಕೊನೆಗೆ ‘ನಾನು’ ಎಂದು ಅಂಟಿಕೊಂಡ ದೇಹ-ಮನಸ್ಸನ್ನೂ ದುಕ್ಖ ಎಂದ. ‘ನೋವು’ ಅಂದುಬಿಟ್ಟರೆ ಈ ಕೊನೆಯದು ಅರ್ಥವೇ ಆಗುವುದಿಲ್ಲ.