ಬಾನ್‌ಬಾನ್‌ಗೆ ಹೊಳಪು ಬರುತ್ತಿಲ್ಲ

"ಡಾರ್ಕ್ ಚಾಕೊಲೇಟ್ ಕರಗಿಸಿ, ಕರಗಿಸದ ಚಾಕೊಲೇಟ್ ತುಂಡು ಹಾಕಿ 32 ಡಿಗ್ರಿಗೆ ಇಳಿಸಿದೆ. ಆದರೂ ಬಾನ್‌ಬಾನ್ ಮಂಕು, ಟಕ್ ಅಂತ ಮುರಿಯಲ್ಲ. ಯಾಕೆ?"

ಬಹುಶಃ ತುಂಡುಗಳನ್ನೆಲ್ಲ ಚಾಕೊಲೇಟ್ ಜಾಸ್ತಿ ಬಿಸಿ ಇರುವಾಗಲೇ ಹಾಕಿದ್ದೀರಿ. 34 ಡಿಗ್ರಿ ದಾಟಿದರೆ ಹೊಳಪು ಕೊಡುವ ಹರಳುಗಳೂ ಕರಗುತ್ತವೆ. ಆಮೇಲೆ 32ಕ್ಕೆ ಇಳಿದರೂ ಅದು ಸುಮ್ನೆ ತಣ್ಣಗಾದ ಚಾಕೊಲೇಟ್, ಅಷ್ಟೇ.

300 ಗ್ರಾಂನಲ್ಲಿ 225 ಗ್ರಾಂ ಮಾತ್ರ 45 ಡಿಗ್ರಿವರೆಗೆ ಕರಗಿಸಿ ಇಳಿಸಿ. ಉಳಿದದ್ದನ್ನು ಸಣ್ಣಗೆ ಹೆಚ್ಚಿ, 50 ಗ್ರಾಂ ಹಾಕಿ ಕಲಕಿ. ಇದು ತಣಿಸಲಿಕ್ಕೆ. ಕೊನೆಯ 25 ಗ್ರಾಂ ಮುಖ್ಯ: 34ಕ್ಕೆ ಇಳಿದ ಮೇಲೆಯೇ ಹಾಕಿ, 31–32 ಬರುವವರೆಗೆ ಬಿಡದೆ ಕಲಕಿ. ಕರಗದ ಚೂರು ಉಳಿದರೆ ತೆಗೆಯಿರಿ. ಹಾಕುವ ತುಂಡು ಮಾತ್ರ ಹೊಳೆಯುತ್ತಿರಬೇಕು. ಬೂದು ಬಂದಿದ್ದರೆ ಉಪಯೋಗವಿಲ್ಲ.

ಅಚ್ಚಿಗೆ ಸುರಿಯುವ ಮೊದಲು ಚಾಕುವಿನ ತುದಿ ಅದ್ದಿ ತೆಗೆಯಿರಿ. 20 ಡಿಗ್ರಿ ಕೋಣೆಯಲ್ಲಿ ಸುಮಾರು 5 ನಿಮಿಷಕ್ಕೆ ಹೊಳಪಾಗಿ ಗಟ್ಟಿಯಾದರೆ ಸುರಿಯಬಹುದು. ಗೆರೆ ಮೂಡಿದರೆ ಇನ್ನಷ್ಟು ಚೂರು ಹಾಕಿ ಕಲಕಿ.