ಮುಂಗಡ ವಾಪಸ್ ಇಲ್ಲ ಅಂತ ಹೇಳೋದು ಹೇಗೆ?

“ಸಂಪಾದಕರೇ, ನಾನು ಸಮಾರಂಭಗಳಿಗೆ ಹಾಲ್ ಬಾಡಿಗೆಗೆ ಕೊಡುತ್ತೇನೆ. ಬುಕ್ ಮಾಡಿದವರಿಗೆ ‘ಪಾವತಿಸಿದ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ’ ಅಂತ ಮೆಸೇಜ್ ಕಳಿಸುತ್ತೇನೆ. ಓದಿದವರಿಗೆ ಸಿಟ್ಟು ಬರುತ್ತದೆ. ಮುಂಗಡ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ. ಇದನ್ನೇ ನ್ಯಾಯವಾಗಿ ಕೇಳಿಸುವ ಹಾಗೆ ಬರೆದುಕೊಡುತ್ತೀರಾ?”
— ಒಬ್ಬ ಓದುಗರು

ಮುಂಗಡವನ್ನು ನೀವು ಉಳಿಸಿಕೊಳ್ಳಬಹುದು. ಒಂದು ತಾರೀಖನ್ನು ಒಬ್ಬರಿಗೆ ಕೊಟ್ಟ ಮೇಲೆ ಅದನ್ನು ಕೇಳಿಕೊಂಡು ಬಂದ ಉಳಿದವರನ್ನೆಲ್ಲ ನೀವು ವಾಪಸ್ ಕಳಿಸಿರುತ್ತೀರಿ. ಆ ನಷ್ಟ ನಿಜ. ಆದರೆ ನಿಮ್ಮ ಮೆಸೇಜಿನಲ್ಲಿ ಆ ಮಾತೇ ಇಲ್ಲವಲ್ಲ! ಹಣ ಯಾಕೆ ಹೋಗುತ್ತದೆ ಅಂತ ಗೊತ್ತಾಗದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

‘ಯಾವುದೇ ಕಾರಣಕ್ಕೂ’ ಅನ್ನುವುದನ್ನು ಮೊದಲು ತೆಗೆಯಿರಿ. ನಾಳೆ ನಿಮ್ಮ ಹಾಲಿನ ಛಾವಣಿ ಸೋರಿ ನೀವೇ ಕ್ಯಾನ್ಸಲ್ ಮಾಡಬೇಕಾಯಿತು ಅಂದುಕೊಳ್ಳಿ. ಈಗಿನ ಮೆಸೇಜಿನ ಪ್ರಕಾರ ಆಗಲೂ ಹಣ ನಿಮ್ಮದೇ. ನೀವು ಹಾಗೆ ಮಾಡುವವರಲ್ಲ. ಆದರೆ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು?

ಇನ್ನೊಂದು ತೊಡಕು ‘ಪಾವತಿಸಿದ ಹಣ’ ಅನ್ನುವುದರಲ್ಲಿದೆ. ಬುಕ್ ಮಾಡುವಾಗ ಕೊಟ್ಟ ಮುಂಗಡ ಮಾತ್ರವೋ, ಆಮೇಲೆ ಕೊಟ್ಟ ಪೂರ್ತಿ ಬಾಡಿಗೆಯೂ ಸೇರಿತೋ? ಜಾಸ್ತಿ ಜಗಳ ಶುರುವಾಗುವುದೇ ಇಲ್ಲಿ. ಮುಂಗಡ ಹೋಗುವುದಕ್ಕೆ ಜನ ಒಪ್ಪುತ್ತಾರೆ. ಇಡೀ ಬಾಡಿಗೆ ಹೋಗುತ್ತದೆ ಅಂತ ಕ್ಯಾನ್ಸಲ್ ಮಾಡಿದ ದಿನ ತಿಳಿದರೆ ಮೋಸ ಹೋದ ಹಾಗೆ ಅನಿಸುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯಿರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ನಮಸ್ಕಾರ. ನೀವು ಕೇಳಿದ ತಾರೀಖು ಖಾಲಿ ಇದೆ. ಅದನ್ನು ನಿಮಗಾಗಿ ಕಾದಿರಿಸಲು ಬಾಡಿಗೆಯ ಶೇ. 20ರಷ್ಟು ಮುಂಗಡ ಕೊಡಬೇಕು. ಅದು ಬಂದ ಮೇಲೆ ಆ ದಿನಕ್ಕೆ ಬೇರೆ ಯಾರನ್ನೂ ಒಪ್ಪಿಕೊಳ್ಳುವುದಿಲ್ಲ. ಹಾಗಾಗಿ ನೀವು ಕ್ಯಾನ್ಸಲ್ ಮಾಡಿದರೆ ಮುಂಗಡ ವಾಪಸ್ ಕೊಡಲು ಆಗುವುದಿಲ್ಲ. ಉಳಿದ ಶೇ. 80ನ್ನು ಸಮಾರಂಭಕ್ಕೆ 30 ದಿನ ಮೊದಲು ಕೊಡಬೇಕು. ಸಮಾರಂಭಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಕ್ಯಾನ್ಸಲ್ ಮಾಡಿದರೆ ಈ ಶೇ. 80 ಪೂರ್ತಿ ವಾಪಸ್ ಬರುತ್ತದೆ. ಆಮೇಲೆ ಮಾಡಿದರೆ ಅದರಲ್ಲಿ ಅರ್ಧ ಬರುತ್ತದೆ. ಆ ದಿನ ಅದೇ ಬಾಡಿಗೆಗೆ ಬೇರೆಯವರಿಗೆ ಹೋದರೆ, ಮುಂಗಡದ ಅರ್ಧ ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲ ಕೊಡುತ್ತೇವೆ. ನಮ್ಮ ಕಡೆಯಿಂದ ಕ್ಯಾನ್ಸಲ್ ಆದರೆ ಮುಂಗಡವೂ ಸೇರಿ ಪೂರ್ತಿ ಹಣ 7 ದಿನದಲ್ಲಿ ವಾಪಸ್. ಒಪ್ಪಿಗೆ ಇದ್ದರೆ ತಿಳಿಸಿ, ಆಮೇಲೆ ಹಣ ಕಳಿಸಿ.”

ಲೆಕ್ಕ ಹಾಕಿ ನೋಡಿ. ಬಾಡಿಗೆ ಪೂರ್ತಿ ಕೊಟ್ಟವರು 20 ದಿನ ಮೊದಲು ಬೇಡ ಅಂದರೆ ನಿಮ್ಮ ಹತ್ತಿರ ಉಳಿಯುವುದು ನೂರಕ್ಕೆ 20. 10 ದಿನ ಮೊದಲು ಹೇಳಿದರೆ ಮುಂಗಡದ 20, ಉಳಿದುದರ ಅರ್ಧ 40, ಒಟ್ಟು 60. ಅಷ್ಟು ತಡವಾದರೆ ಆ ದಿನಕ್ಕೆ ಹೊಸಬರು ಸಿಗುವುದು ಕಷ್ಟ, ಹಾಗಾಗಿ ಇದಕ್ಕೊಂದು ಅರ್ಥ ಇದೆ. ಯಾರಾದರೂ ಸಿಕ್ಕಿಬಿಟ್ಟರೆ? ಆಗ ನೀವು ಇಟ್ಟುಕೊಳ್ಳುವುದು 10 ಮಾತ್ರ. ಈ ಸಾಲನ್ನು ದಯವಿಟ್ಟು ಬಿಡಬೇಡಿ. ಒಂದೇ ದಿನಕ್ಕೆ ಇಬ್ಬರ ಹತ್ತಿರ ಬಾಡಿಗೆ ತೆಗೆದುಕೊಂಡರೆ ಯಾವ ಮಾತಿನಲ್ಲಿ ಬರೆದರೂ ಅದು ನ್ಯಾಯವಾಗಿ ಕೇಳಿಸುವುದಿಲ್ಲ. ಹೊಸಬರನ್ನು ಹುಡುಕುವ ಓಡಾಟಕ್ಕೆ ಆ 10 ಸಾಕು.

ಇಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ. ಖಾಲಿಯಾದ ತಾರೀಖು ಮತ್ತೆ ತುಂಬಲು ನಿಮ್ಮಲ್ಲಿ ಸಾಮಾನ್ಯವಾಗಿ ಎಷ್ಟು ದಿನ ಬೇಕು ಅಂತ ಹಳೆಯ ಬುಕಿಂಗ್ ಪುಸ್ತಕ ತೆಗೆದು ನೋಡಿ. 15 ದಿನದ ಗಡಿಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಸುಮ್ನೆ ಬೇರೆಯವರ ನಿಯಮ ನಕಲು ಮಾಡಿದರೆ, ಯಾಕೆ ಹೀಗೆ ಅಂತ ಯಾರಾದರೂ ಕೇಳಿದಾಗ ಉತ್ತರ ಇರುವುದಿಲ್ಲ.

ಕ್ಯಾನ್ಸಲ್ ಅಂತ ಫೋನಿನಲ್ಲಿ ಹೇಳಿದರೂ ಬರಹದಲ್ಲಿ ಕಳಿಸಲು ಹೇಳಿ. ಅದು ನಿಮಗೆ ತಲುಪಿದ ದಿನದಿಂದ ದಿನ ಎಣಿಸಿ.

ಮೆಸೇಜ್ ಕಳಿಸುವ ಹೊತ್ತೂ ಮುಖ್ಯ. ನೀವು ಬುಕ್ ಮಾಡಿದವರಿಗೆ ಕಳಿಸುತ್ತಿದ್ದೀರಿ, ಅಂದರೆ ಹಣ ಬಂದ ಮೇಲೆ. ಆಗ ಅವರಿಗೆ ಬೇಡ ಅನ್ನುವ ದಾರಿಯೇ ಇರುವುದಿಲ್ಲ. ಹಣ ತೆಗೆದುಕೊಳ್ಳುವ ಮೊದಲೇ ಕಳಿಸಿ, ಒಪ್ಪಿಗೆ ಬರಲಿ. ಈಗಾಗಲೇ ಬುಕ್ ಮಾಡಿದವರಿಗೂ ಈ ಹೊಸ ನಿಯಮವನ್ನೇ ಕೊಡಿ. ಹಳೆಯದಕ್ಕಿಂತ ಇದು ಅವರಿಗೆ ಅನುಕೂಲ, ಯಾರೂ ಬೇಡ ಅನ್ನಲಾರರು.

— ಸಂಪಾದಕ